80 ಡಿಗ್ರಿಯಲ್ಲಿ ಪೊರೆ ಮತ್ತೆ ಗಟ್ಟಿಯಾಗುವುದಿಲ್ಲ

ಮಾನ್ಯ ಸಂಪಾದಕರಿಗೆ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಬಂದ ಬೀಟ್‌ರೂಟ್ ಪ್ರಯೋಗದ ಮಾದರಿ ಉತ್ತರ ಓದಿದೆ. ಬಿಸಿಯಿಂದ ಜೀವಕೋಶದ ಪೊರೆಗೆ ಎಷ್ಟು ಹಾನಿ ಆಗುತ್ತದೆ ಎಂದು, ಸೋರಿದ ಬಣ್ಣ ಅಳೆದು ನೋಡುವ ಪ್ರಯೋಗ ಅದು. ಪ್ರಯೋಗ ಮಾಡುವ ಕ್ರಮವನ್ನು ಚೆನ್ನಾಗಿಯೇ ಬರೆದಿದ್ದಾರೆ. ಕಾರ್ಕ್ ಬೋರರ್‌ನಿಂದ ಒಂದೇ ಅಳತೆಯ ಬಿಲ್ಲೆ ಕತ್ತರಿಸಿ, ತೊಳೆದು, ಬೇರೆ ಬೇರೆ ಬಿಸಿಯ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ನೀರಿಗೆ ಇಳಿದ ಕೆಂಪು ಬಣ್ಣವನ್ನು ಕಲರಿಮೀಟರ್‌ನಲ್ಲಿ ಅಳೆಯುವುದು. ಅದರಲ್ಲಿ ನನ್ನ ತಕರಾರಿಲ್ಲ. ತಕರಾರು ಇರುವುದು ಕೊನೆಯ ಎರಡು ಸಾಲಿನ ಬಗ್ಗೆ. ಗ್ರಾಫ್ 70 ಡಿಗ್ರಿವರೆಗೆ ಏರಿ 80ರಲ್ಲಿ ಇಳಿದಿದೆ. ಆದ್ದರಿಂದ 80ರಲ್ಲಿ ಪೊರೆಗೆ ಆದ ಹಾನಿ 70ಕ್ಕಿಂತ ಕಡಿಮೆ ಎಂದು ಉತ್ತರ ಹೇಳುತ್ತದೆ. ಇದು ತಪ್ಪು. ಆದರೆ ಗ್ರಾಫ್ ಇಳಿದದ್ದು ಸುಳ್ಳಲ್ಲ. ಪ್ರಯೋಗ ಸರಿಯಾಗಿ ಮಾಡಿದವರಿಗೂ ಹೀಗೆ ಇಳಿಯಬಹುದು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಕಲರಿಮೀಟರ್‌ಗೆ ಪೊರೆ ಕಾಣುವುದಿಲ್ಲ, ನೀರಿನಲ್ಲಿರುವ ಕೆಂಪು ಮಾತ್ರ ಕಾಣುತ್ತದೆ. ಆ ಕೆಂಪು ಬೀಟಾಸಯನಿನ್ ಎಂಬ ಬಣ್ಣದ್ದು. ಅದು ಜೀವಕೋಶದೊಳಗಿನ ವ್ಯಾಕ್ಯುಯೋಲ್ ಎಂಬ ರಸದ ಚೀಲದಲ್ಲಿ ಇರುತ್ತದೆ. ನೀರಿನಲ್ಲಿ ಕರಗುತ್ತದೆ, ಆದರೆ ಕೊಬ್ಬಿನ ಪೊರೆಯನ್ನು ಸುಲಭವಾಗಿ ದಾಟಲಾರದು. ಹೊರಗೆ ಬರಬೇಕಾದರೆ ವ್ಯಾಕ್ಯುಯೋಲ್‌ನ ಪೊರೆ ಮತ್ತು ಕೋಶದ ಹೊರಪೊರೆ ಎರಡನ್ನೂ ದಾಟಬೇಕು. ಪೊರೆಗಳು ಸರಿಯಾಗಿದ್ದಷ್ಟು ಹೊತ್ತು ಅದು ಒಳಗೇ ಇರುತ್ತದೆ. ಬಣ್ಣ ಹೊರಬಂತು ಎಂದರೆ ಪೊರೆ ಹೋಯಿತು ಎಂದು ನಾವು ಹೇಳುವುದು ಈ ಲೆಕ್ಕದ ಮೇಲೆ.

ಇಲ್ಲಿಯವರೆಗೆ ಸರಿ. ಆದರೆ ಹೊರಬಂದ ಬಣ್ಣ ಅಳತೆ ಮಾಡುವ ಹೊತ್ತಿಗೂ ಬಣ್ಣವಾಗಿಯೇ ಉಳಿದಿರಬೇಕಲ್ವಾ? ಬೀಟಾಸಯನಿನ್ ಬಿಸಿಗೆ ತಡೆಯುವ ವಸ್ತುವಲ್ಲ. ಬಿಸಿ ಜಾಸ್ತಿಯಾದಂತೆ ಅದರ ಅಣು ಒಡೆಯುತ್ತದೆ. ಕೆಂಪು ಹೋಗಿ ಹಳದಿ, ಕಂದು ಛಾಯೆ ಬರುತ್ತದೆ. ನಾವು ಹಸಿರು ಫಿಲ್ಟರ್ ಹಾಕಿ ಅಳೆಯುತ್ತೇವೆ, ಯಾಕೆಂದರೆ ಈ ಕೆಂಪು ಬಣ್ಣ 535 ನ್ಯಾನೋಮೀಟರ್ ಆಸುಪಾಸಿನ ಹಸಿರು ಬೆಳಕನ್ನೇ ಚೆನ್ನಾಗಿ ಹೀರುತ್ತದೆ. ಒಡೆದು ಹಳದಿಯಾದದ್ದು ಆ ಬೆಳಕನ್ನು ಅಷ್ಟಾಗಿ ಹೀರುವುದಿಲ್ಲ. ಹೊರಗೆ ಬಂದದ್ದು ನಿಜ, ಆದರೆ ಯಂತ್ರದ ಲೆಕ್ಕಕ್ಕೆ ಸಿಗುವುದಿಲ್ಲ. ಅರ್ಧ ಗಂಟೆ 80 ಡಿಗ್ರಿಯಲ್ಲಿ ಕುಳಿತ ಟ್ಯೂಬನ್ನು 60 ಡಿಗ್ರಿಯ ಟ್ಯೂಬಿನ ಪಕ್ಕ ಬಿಳಿ ಕಾಗದದ ಮುಂದೆ ಹಿಡಿದರೆ ಎಷ್ಟೋ ಸಲ ಕಣ್ಣಿಗೇ ಗೊತ್ತಾಗುತ್ತದೆ. ಒಂದು ಗುಲಾಬಿ ಕೆಂಪು, ಇನ್ನೊಂದು ಸ್ವಲ್ಪ ಇಟ್ಟಿಗೆ ಬಣ್ಣ. ವಿದ್ಯಾರ್ಥಿಗಳು ಅಂಕಿ ಬರೆದುಕೊಳ್ಳುವ ಗಡಿಬಿಡಿಯಲ್ಲಿ ಟ್ಯೂಬನ್ನು ನೋಡುವುದೇ ಇಲ್ಲ.

ಹಾಗಾದರೆ ಬಣ್ಣ ಕಡಿಮೆ ಸೋರಿತೋ, ಸೋರಿದ ಮೇಲೆ ಹಾಳಾಯಿತೋ ಎಂದು ಗೊತ್ತು ಮಾಡಿಕೊಳ್ಳುವುದು ಹೇಗೆ? ದಾರಿ ಸುಲಭ. ನೀರನ್ನು ಅಳೆದ ಮೇಲೆ ಬಿಲ್ಲೆಗಳನ್ನು ಎಸೆಯಬೇಡಿ. ಅಷ್ಟೇ ಪ್ರಮಾಣದ ಹೊಸ ನೀರಿಗೆ ಹಾಕಿ, ರಾತ್ರಿ ಫ್ರೀಜರ್‌ನಲ್ಲಿಟ್ಟು ಗಡ್ಡೆ ಕಟ್ಟಿಸಿ, ಮರುದಿನ ಕರಗಿಸಿ. ಕೋಶದೊಳಗೆ ಹುಟ್ಟುವ ಮಂಜಿನ ಹರಳುಗಳು ಉಳಿದ ಪೊರೆಗಳನ್ನೂ ಹರಿದುಹಾಕುತ್ತವೆ, ಒಳಗೆ ಉಳಿದಿದ್ದ ಬಣ್ಣವೆಲ್ಲ ಈಚೆ ಬರುತ್ತದೆ. ಅದನ್ನೂ ಅಳೆಯಿರಿ. ಮೊದಲ ಅಳತೆ ಸೋರಿದ್ದು, ಎರಡನೆಯದು ಉಳಿದದ್ದು, ಎರಡೂ ಸೇರಿದರೆ ಒಟ್ಟು. ಸೋರಿದ್ದನ್ನು ಒಟ್ಟಿನಿಂದ ಭಾಗಿಸಿದರೆ ಶೇಕಡಾ ಸೋರಿಕೆ.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳನ್ನು ಲೆಕ್ಕ ತಿಳಿಯಲೆಂದು ನಾನೇ ಇಟ್ಟುಕೊಂಡಿದ್ದೇನೆ, ಆದರೆ ಏರಿಳಿತದ ರೂಪ ಲ್ಯಾಬಿನಲ್ಲಿ ಕಾಣುವಂಥದ್ದೇ. ನೀರು ಎಷ್ಟು ಬೆಳಕು ಹೀರಿತು ಎಂದು ಕಲರಿಮೀಟರ್ ತೋರಿಸುವ ಅಂಕಿಯೇ ಅಬ್ಸಾರ್ಬೆನ್ಸ್. 20 ಡಿಗ್ರಿಯಲ್ಲಿ ಸೋರಿದ್ದರ ಅಬ್ಸಾರ್ಬೆನ್ಸ್ 0.07, ಉಳಿದದ್ದರದು 1.33. ಒಟ್ಟು 1.40, ಸೋರಿಕೆ ಶೇ 5. 40 ಡಿಗ್ರಿಯಲ್ಲಿ 0.14 ಮತ್ತು 1.26. ಒಟ್ಟು ಅಷ್ಟೇ 1.40, ಸೋರಿಕೆ ಶೇ 10. 50 ಡಿಗ್ರಿಯಲ್ಲಿ 0.42 ಮತ್ತು 0.88, ಸೋರಿಕೆ ಶೇ 32. 60ರಲ್ಲಿ 1.10 ಮತ್ತು 0.22, ಶೇ 83. 70ರಲ್ಲಿ 1.16 ಮತ್ತು 0.06, ಶೇ 95. ಈಗ 80ಕ್ಕೆ ಬನ್ನಿ. ಸೋರಿದ್ದು 0.78, ಉಳಿದದ್ದು 0.04.

ಮಾದರಿ ಉತ್ತರ ನೋಡಿದ್ದು 1.16 ಇದ್ದದ್ದು 0.78ಕ್ಕೆ ಇಳಿದದ್ದನ್ನು ಮಾತ್ರ. ಆದರೆ ಒಳಗೆ ಉಳಿದದ್ದನ್ನು ನೋಡಿ. ಪೊರೆ 70ಕ್ಕಿಂತ ಚೆನ್ನಾಗಿ ಉಳಿದಿದ್ದರೆ ಬಿಲ್ಲೆಯೊಳಗೆ ಬಣ್ಣ ಜಾಸ್ತಿ ಉಳಿಯಬೇಕಿತ್ತು. ಉಳಿದಿಲ್ಲ, 0.06 ಇದ್ದದ್ದು 0.04 ಆಗಿದೆ. ಕಡಿಮೆಯಾಗಿರುವುದು ಒಟ್ಟು. 1.40ರಿಂದ ಶುರುವಾಗಿ 1.22ಕ್ಕೆ, ಅಲ್ಲಿಂದ 0.82ಕ್ಕೆ. ಅಷ್ಟು ಬಣ್ಣ ಹೊರಗೂ ಇಲ್ಲ, ಒಳಗೂ ಇಲ್ಲ. ಅದು ಬಿಸಿಗೆ ಒಡೆದುಹೋಗಿದೆ. ಶೇಕಡಾ ಲೆಕ್ಕದಲ್ಲಿ 80ರದ್ದೂ 95 ಬರುತ್ತದೆ. ಪೊರೆಯ ಮಟ್ಟಿಗೆ 70ಕ್ಕೂ 80ಕ್ಕೂ ವ್ಯತ್ಯಾಸ ಇಲ್ಲ. ಹಾನಿ ಆಗುವುದೆಲ್ಲ 70ರಲ್ಲೇ ಆಗಿ ಮುಗಿದಿತ್ತು.

ಶೇ 95 ಯಾಕೆ, 100 ಯಾಕಲ್ಲ ಎಂದು ಯಾರಾದರೂ ಕೇಳಬಹುದು. 5 ಮಿಲಿಮೀಟರ್ ಅಡ್ಡಳತೆ, 1 ಸೆಂಟಿಮೀಟರ್ ಉದ್ದದ ತುಂಡು ಸುಮಾರು 0.2 ಮಿಲಿಲೀಟರ್ ಜಾಗ ಹಿಡಿಯುತ್ತದೆ. ಅದನ್ನು 5 ಮಿಲಿಲೀಟರ್ ನೀರಿನಲ್ಲಿ ಇಟ್ಟರೆ, ಪೊರೆ ಒಂದಿಷ್ಟೂ ಉಳಿಯದಿದ್ದರೂ ಬಣ್ಣ ಒಳಗೂ ಹೊರಗೂ ಸಮನಾಗಿ ಹರಡಿ ನಿಲ್ಲುತ್ತದೆ. ಶೇ 4ರಷ್ಟು ತುಂಡಿನೊಳಗೇ ಇರುತ್ತದೆ. ಕೆಳಗಿನ ತುದಿಯಲ್ಲೂ ಹೀಗೇ. 20 ಡಿಗ್ರಿಯ ಶೇ 5 ಬಿಸಿಯಿಂದ ಬಂದದ್ದಲ್ಲ, ಕತ್ತರಿಸುವಾಗ ಬ್ಲೇಡಿಗೆ ಸಿಕ್ಕ ಕೋಶಗಳ ಬಣ್ಣ. ನೀರಿಗೆ ಬಣ್ಣ ಇಳಿಯುವುದು ನಿಲ್ಲುವವರೆಗೆ ಬಿಲ್ಲೆ ತೊಳೆಯಿರಿ ಎನ್ನುವುದು ಇದಕ್ಕೇ. ಹಾಗಾಗಿ ಈ ಪ್ರಯೋಗದಲ್ಲಿ ಓದಬೇಕಾದ ಅಳತೆಪಟ್ಟಿ 0ಯಿಂದ 100 ಅಲ್ಲ, ಹೆಚ್ಚುಕಡಿಮೆ 5ರಿಂದ 95.

ಶೇಕಡಾ ಲೆಕ್ಕದಿಂದ ಇನ್ನೊಂದು ಉಪಕಾರವೂ ಇದೆ. ಬೀಟ್‌ರೂಟ್ ಅಡ್ಡ ಕತ್ತರಿಸಿದರೆ ಗಾಢ ಬಣ್ಣದ ಒಂದು ಬಳೆ, ಪೇಲವ ಬಣ್ಣದ ಇನ್ನೊಂದು ಬಳೆ ಹೀಗೆ ಕಾಣುತ್ತದೆ. ಒಂದು ಟ್ಯೂಬಿಗೆ ಗಾಢ ಭಾಗದ ತುಂಡು, ಇನ್ನೊಂದಕ್ಕೆ ಪೇಲವ ಭಾಗದ್ದು ಬಿದ್ದರೆ ಬಿಸಿಗೆ ಸಂಬಂಧವೇ ಇಲ್ಲದ ಏರಿಳಿತ ಬರುತ್ತದೆ. ಪ್ರತಿ ತುಂಡನ್ನೂ ಅದರದೇ ಒಟ್ಟಿನಿಂದ ಭಾಗಿಸಿದಾಗ ಈ ತೊಂದರೆ ಬಹುಮಟ್ಟಿಗೆ ಕಳೆಯುತ್ತದೆ.

ಎರಡನೇ ಅಳತೆಗೆ ಸಮಯ ಇಲ್ಲ ಎನ್ನುವವರಿಗೆ ಒಂದು ಚಿಕ್ಕ ಪರೀಕ್ಷೆ ಸಾಕು. 60 ಡಿಗ್ರಿಯ ಟ್ಯೂಬಿನ ಕೆಂಪು ನೀರನ್ನು ಬಿಲ್ಲೆ ತೆಗೆದು ಎರಡು ಪಾಲು ಮಾಡಿ. ಒಂದನ್ನು ಸುಮ್ನೆ ಇಡಿ, ಇನ್ನೊಂದನ್ನು ಮುಚ್ಚಿ ಅರ್ಧ ಗಂಟೆ 80 ಡಿಗ್ರಿಯಲ್ಲಿಟ್ಟು ತಣಿಸಿ ಅಳೆಯಿರಿ. ಇಲ್ಲಿ ಪೊರೆಯೇ ಇಲ್ಲ. ಆದರೂ ಅಂಕಿ ಇಳಿದರೆ, ಇಳಿಸಿದ್ದು ಬಿಸಿ ಎಂದಾಯಿತು. ಒಂದು ಎಚ್ಚರ: ಒಡೆದ ಬೀಟಾಸಯನಿನ್ ತಣ್ಣಗಾದ ಮೇಲೆ ಸ್ವಲ್ಪ ಮಟ್ಟಿಗೆ ಮತ್ತೆ ಕೂಡಿಕೊಂಡು ಕೆಂಪಾಗುತ್ತದೆ. ಒಂದು ಟ್ಯೂಬನ್ನು ತಕ್ಷಣ, ಇನ್ನೊಂದನ್ನು ಊಟ ಮುಗಿಸಿ ಬಂದು ಅಳೆದರೆ ಹೋಲಿಕೆ ಕೆಡುತ್ತದೆ. ಎಲ್ಲವನ್ನೂ ಅಷ್ಟೇ ಹೊತ್ತು ತಣಿಸಿ ಅಳೆಯಬೇಕು.

ಗ್ರಾಫ್ ಇಳಿಯದೆ ಮೇಲೆ ಸಪಾಟಾಗಿ ನಿಂತರೂ ಅನುಮಾನಪಡಬೇಕು. ಅಬ್ಸಾರ್ಬೆನ್ಸ್ 1 ಎಂದರೆ ಬೆಳಕಿನ ಶೇ 10 ಮಾತ್ರ ಆಚೆ ತಲುಪಿದೆ, 2 ಎಂದರೆ ಶೇ 1. ಅಷ್ಟು ಕಡಿಮೆ ಬೆಳಕಿನಲ್ಲಿ ಶಾಲೆಯ ಕಲರಿಮೀಟರ್ 1.8ಕ್ಕೂ 2.1ಕ್ಕೂ ವ್ಯತ್ಯಾಸ ಹೇಳಲಾರದು. 60, 70 ಎರಡರಲ್ಲೂ ಒಂದೇ ದೊಡ್ಡ ಅಂಕಿ ಬಂದರೆ ಪೊರೆಯ ಹಾನಿ ನಿಂತಿತು ಎಂದು ಬರೆಯುವ ಮೊದಲು, ಆ ನೀರಿಗೆ ಅಷ್ಟೇ ಬರಿ ನೀರು ಬೆರೆಸಿ ಇನ್ನೊಮ್ಮೆ ಅಳೆಯಿರಿ. ಅಂಕಿ ಅರ್ಧಕ್ಕೆ ಇಳಿದರೆ ಮೊದಲ ಅಳತೆ ನಂಬಬಹುದು. ಅರ್ಧಕ್ಕಿಂತ ಮೇಲೆಯೇ ನಿಂತರೆ ಯಂತ್ರ ತನ್ನ ಮಿತಿ ಮುಟ್ಟಿತ್ತು ಎಂದು ತಿಳಿಯಿರಿ.

ಉತ್ತರದಲ್ಲಿ 'ಪೊರೆ 50 ಡಿಗ್ರಿಯಲ್ಲಿ ಒಡೆಯುತ್ತದೆ' ಎಂಬ ಸಾಲೂ ಇದೆ. ಹತ್ತು ಹತ್ತು ಡಿಗ್ರಿ ಅಂತರದಲ್ಲಿ ಅಳೆದವರು ಹಾಗೆ ಹೇಳುವಂತಿಲ್ಲ. ಮೇಲಿನ ಲೆಕ್ಕದಲ್ಲಿ ದೊಡ್ಡ ಜಿಗಿತ ಇರುವುದು 50 ಮತ್ತು 60ರ ನಡುವೆ, ಅಷ್ಟೇ ಗೊತ್ತು. ಬೇಕಿದ್ದರೆ 52, 54, 56, 58ರಲ್ಲಿ ಅಳೆಯಬೇಕು. ಆಗಲೂ ಬರುವ ಸಂಖ್ಯೆ ಅರ್ಧ ಗಂಟೆಯ ಸಂಖ್ಯೆ. ಐದೇ ನಿಮಿಷ ಇಟ್ಟರೆ ಜಿಗಿತ ಇನ್ನಷ್ಟು ಮೇಲಿನ ಬಿಸಿಗೆ ಸರಿಯಬಹುದು. ಮತ್ತೆ, ಬಿಸಿ ನೀರಿನಲ್ಲೇ ಇಟ್ಟು ಅಳೆದಾಗ ಬಣ್ಣ ಹರಡುವ ವೇಗವೂ ಬಿಸಿಯೊಂದಿಗೆ ಏರುತ್ತದೆ. 20ರಿಂದ 40ರವರೆಗಿನ ಸಣ್ಣ ಏರಿಕೆಯನ್ನು ಪೊರೆಯ ಹಾನಿ ಎಂದು ಕರೆಯಲು ನನಗೆ ಮನಸ್ಸಿಲ್ಲ. ಬಿಲ್ಲೆಯನ್ನು ಸ್ವಲ್ಪ ಹೊತ್ತು ಬಿಸಿಯಲ್ಲಿ ಅದ್ದಿ, ಆಮೇಲೆ ಎಲ್ಲವನ್ನೂ 20 ಡಿಗ್ರಿಯ ಹೊಸ ನೀರಿಗೆ ಹಾಕಿ ಸೋರಲು ಬಿಟ್ಟರೆ ಈ ಗೊಂದಲ ತಪ್ಪುತ್ತದೆ. ಬಣ್ಣ ಬಿಸಿಯಲ್ಲಿ ಕೂರುವ ಹೊತ್ತೂ ಕಡಿಮೆಯಾಗುತ್ತದೆ.

ಪೊರೆಯ ಪ್ರೋಟೀನ್ ಕೆಟ್ಟಿತು, ಕೊಬ್ಬಿನ ಪದರ ಸಡಿಲವಾಯಿತು ಎಂಬ ವಿವರಣೆ ಸರಿಯೇ. ಆದರೆ ಅದು ಪುಸ್ತಕದಿಂದ ಬಂದ ತಿಳಿವಳಿಕೆ, ಈ ಅಂಕಿಗಳಿಂದ ಬಂದದ್ದಲ್ಲ. ಎರಡು ಪೊರೆಗಳಲ್ಲಿ ಯಾವುದು ಮೊದಲು ಹೋಯಿತು ಎನ್ನುವುದನ್ನೂ ಕೆಂಪು ನೀರು ಹೇಳುವುದಿಲ್ಲ. ಅದನ್ನು ವಿವರಣೆ ಎಂದು ಬೇರೆಯಾಗಿ ಬರೆಯಲಿ, ಫಲಿತಾಂಶದ ಕೆಳಗೆ ಸೇರಿಸುವುದು ಬೇಡ.

ಈ ಪುಟ ನೋಡಿಕೊಂಡು ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಮುಂದಿನ ಸಂಚಿಕೆಯಲ್ಲಿ 80 ಡಿಗ್ರಿಯ ಸಾಲನ್ನು ತಿದ್ದಿ, ಕೋಷ್ಟಕಕ್ಕೆ 'ಉಳಿದದ್ದು', 'ಒಟ್ಟು' ಎಂಬ ಎರಡು ಕಾಲಂ ಸೇರಿಸಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಜೀವಶಾಸ್ತ್ರ ಉಪನ್ಯಾಸಕಿ