ಹಸು ಹಾಲು ಇಳಿಸದಿದ್ದರೆ ಮೊದಲು ಕೊಟ್ಟಿಗೆ ನೋಡಿ

ಎಲ್ಲರಿಗೂ ನಮಸ್ಕಾರ. ಕರು ಸತ್ತ ಮೇಲೆ ಹಸು ಅರ್ಧ ಹಾಲೂ ಕೊಡ್ತಿಲ್ಲ ಅಂತ ಗುಂಪಿನಲ್ಲಿ ಕೇಳಿದ್ದರು. ಹಾಲು ಬತ್ತಿಲ್ಲ, ಇಳಿಯುತ್ತಿಲ್ಲ ಅಷ್ಟೇ.

ಕೆಚ್ಚಲಿನ ಹೆಚ್ಚಿನ ಹಾಲು ಒಳಗಿನ ಸಣ್ಣ ಚೀಲಗಳಲ್ಲಿರುತ್ತದೆ. ಅದು ಸುಮ್ನೆ ಎಳೆದರೆ ಬರುವುದಿಲ್ಲ. ಕರು ಮೊಲೆ ಚೀಪಿದಾಗ ಅಥವಾ ಕೈಯಿಂದ ಕೆಚ್ಚಲು ಸವರಿದಾಗ ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾಲು ಇಳಿಸುವ ಹಾರ್ಮೋನ್ ಬಿಡುಗಡೆಯಾಗಿ, ಸುಮಾರು ಒಂದು ನಿಮಿಷದಲ್ಲಿ ಕೆಚ್ಚಲು ಬಿಗಿಯಾಗುತ್ತದೆ, ಮೊಲೆ ತುಂಬಿಕೊಳ್ಳುತ್ತವೆ. ಇದರ ಜೋರು ಇರುವುದು ಐದಾರು ನಿಮಿಷ ಮಾತ್ರ. ಅಷ್ಟರಲ್ಲಿ ಕರೆದು ಮುಗಿಸಬೇಕು.

ನಾಯಿ ಬೊಗಳಿದರೆ, ಕೋಲಿನಿಂದ ಹೊಡೆದರೆ, ಹಸು ಹೆದರಿ ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನ್ ಬಂದು ಆಕ್ಸಿಟೋಸಿನ್ ಕೆಲಸಕ್ಕೆ ಅಡ್ಡಿಯಾಗುತ್ತದೆ. ಆಗ ಹಾಲು ಅರ್ಧಕ್ಕೇ ನಿಲ್ಲುತ್ತದೆ. ಉಳಿಯುವುದು ಕೊನೆಯ ಹಾಲು, ಜಿಡ್ಡು ಜಾಸ್ತಿ ಇರುವುದೂ ಅದೇ. ಡೈರಿಯಲ್ಲಿ ಫ್ಯಾಟ್ ಕಡಿಮೆ ಬಂದರೆ ಇದನ್ನೂ ಯೋಚಿಸಿ. ದಿನಾ ಹೀಗೆ ಹಾಲು ಉಳಿದರೆ ಇಳುವರಿಯೇ ಕುಗ್ಗುತ್ತದೆ.

ಎಚ್‌ಎಫ್ ಹಸುಗಳು ಕರು ಇಲ್ಲದೆಯೂ ಬೇಗ ಒಗ್ಗುತ್ತವೆ. ನಾಟಿ ಹಸು, ಎಮ್ಮೆಗೆ ಕಷ್ಟ. ದಿನಾ ಅದೇ ಹೊತ್ತಿಗೆ, ಅದೇ ವ್ಯಕ್ತಿ ಕರೆಯಲಿ. ಮುಂದೆ ಹಿಂಡಿ ಇಟ್ಟು, ಉಗುರುಬೆಚ್ಚಗಿನ ನೀರಲ್ಲಿ ಕೆಚ್ಚಲು ತೊಳೆದು, ಒಂದು ನಿಮಿಷ ಸವರಿ, ಮೊಲೆ ಬಿಗಿದ ಮೇಲೆ ಶುರು ಮಾಡಿ. ಕೆಚ್ಚಲು ಬಿಸಿಯಾಗಿದ್ದರೆ, ಹಾಲಲ್ಲಿ ಗಡ್ಡೆ ಕಂಡರೆ ಅದು ಕೆಚ್ಚಲು ಬಾವು, ಡಾಕ್ಟರಿಗೆ ತೋರಿಸಿ. ದಿನಾ ಆಕ್ಸಿಟೋಸಿನ್ ಇಂಜೆಕ್ಷನ್ ಮಾತ್ರ ಬೇಡ, ಆಮೇಲೆ ಅದಿಲ್ಲದೆ ಹಸು ಹಾಲು ಇಳಿಸುವುದೇ ಕಷ್ಟವಾಗಬಹುದು.