ಡಿಸೆಂಬರ್‌ನಿಂದ ಸಾಮೆ ಅಕ್ಕಿ ಬದಲಾಗುತ್ತಿದೆ: ಬಣ್ಣ, ಬೆಲೆ ಮತ್ತು ಮುಂಗಡದ ಲೆಕ್ಕ

ಹೊಸದುರ್ಗ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಡಿಸೆಂಬರ್‌ನಿಂದ ನಿಮ್ಮ ಮನೆಗೆ ಬರುವ ಸಾಮೆ ಅಕ್ಕಿ ಈಗಿನಷ್ಟು ಬೆಳ್ಳಗೆ ಇರುವುದಿಲ್ಲ. ಬೆಲೆ ಕೆಜಿಗೆ 95 ರೂಪಾಯಿಯಿಂದ 110ಕ್ಕೆ ಏರುತ್ತದೆ. ಪ್ಯಾಕೆಟ್ ಮೇಲೆ ಆರು ತಿಂಗಳ ಬದಲು ಮೂರೇ ತಿಂಗಳ ಬಾಳಿಕೆ ಬರೆದಿರುತ್ತದೆ. ಇದರ ಜೊತೆಗೆ, ವರ್ಷದ ಸಾಮೆಗೆ ಅರ್ಧ ದುಡ್ಡು ಮುಂಗಡ ಕೊಡುವಿರಾ ಅಂತ ಬೇರೆ ಕೇಳುತ್ತಿದ್ದೇವೆ. ಸುಮ್ನೆ ‘ದರ ಪರಿಷ್ಕರಿಸಲಾಗಿದೆ’ ಅಂತ ಒಂದು ಸಾಲು ಕಳಿಸಿದರೆ ನಿಮಗೂ ಸಮಾಧಾನ ಆಗುವುದಿಲ್ಲ, ನಮಗೂ ಇಲ್ಲ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಇಲ್ಲಿಯವರೆಗೆ ನಮ್ಮ ಸಿರಿಧಾನ್ಯ ಘಟಕ ಮಾಡುತ್ತಿದ್ದದ್ದು ಹೆಚ್ಚಾಗಿ ಪ್ಯಾಕಿಂಗ್ ಕೆಲಸ. ದೂರದ ಮಿಲ್ಲಿನಿಂದ ತಯಾರಾದ ಸಾಮೆ ಅಕ್ಕಿ ತರಿಸಿ, ಕಲ್ಲು ಆರಿಸಿ, ಚೀಲಕ್ಕೆ ತುಂಬಿ ಕಳಿಸುತ್ತಿದ್ದೆವು. ಹೊಸದುರ್ಗ ಸುತ್ತಮುತ್ತ ಸಾಮೆ ಬೆಳೆಯುವ ಊರು ಎಷ್ಟೋ ಇವೆ. ಆದರೆ ಸುಗ್ಗಿಯಲ್ಲಿ ಇಲ್ಲಿನ ಕಾಳು ವ್ಯಾಪಾರಿಗಳ ಕೈ ಸೇರಿ ಲಾರಿ ಏರುತ್ತದೆ. ಹೊರಗಿನ ಮಿಲ್ಲುಗಳಲ್ಲಿ ಹೊಟ್ಟು ಬಿಟ್ಟು, ಪಾಲಿಶ್ ಆಗಿ, ಅಕ್ಕಿಯಾಗಿ ವಾಪಸ್ ಬರುತ್ತದೆ. ನಮ್ಮ ಪಕ್ಕದ ಹೊಲದ ಸಾಮೆಯನ್ನೇ ನಾವು ಎರಡು ಲಾರಿ ಬಾಡಿಗೆ ತೆತ್ತು ಕೊಂಡಿರಲಿಕ್ಕೂ ಸಾಕು. ಈ ಸುಗ್ಗಿಯಿಂದ ಕಾಳನ್ನು ನೇರವಾಗಿ ಇಲ್ಲಿನ ರೈತರಿಂದಲೇ ಕೊಂಡು, ನಮ್ಮಲ್ಲೇ ಅಕ್ಕಿ ಮಾಡುತ್ತೇವೆ. ಹೋದ ಸುಗ್ಗಿಯಲ್ಲಿ ಸ್ವಲ್ಪ ಕಾಳಿನ ಮೇಲೆ ಪ್ರಯೋಗ ಮಾಡಿ ನೋಡಿದ್ದೇವೆ. ಕೆಳಗಿನ ಲೆಕ್ಕವೆಲ್ಲ ಅದರದ್ದೇ.

ಮೊದಲು ಬಣ್ಣ ಮತ್ತು ಬಾಳಿಕೆಯ ವಿಷಯ. ಸಾಮೆ ಕಾಳು ಹೊಟ್ಟಿನೊಳಗೆ ಇರುವವರೆಗೆ ವರ್ಷಗಟ್ಟಲೆ ಕೆಡುವುದಿಲ್ಲ. ಹೊಟ್ಟು ಬಿಟ್ಟ ದಿನದಿಂದ ಅದರ ಆಯಸ್ಸು ಎಣಿಕೆಗೆ ಬೀಳುತ್ತದೆ. ಕಾಳಿನ ಮೇಲಿನ ತೌಡಿನ ಪದರ ಮತ್ತು ಮೊಳಕೆಯ ಭಾಗದಲ್ಲಿ ಎಣ್ಣೆ ಅಂಶ ಇದೆ. ಹೊಟ್ಟು ಬಿಡಿಸುವಾಗ ಆ ಪದರಕ್ಕೆ ಪೆಟ್ಟು ಬಿದ್ದು, ಗಾಳಿ ತಗುಲಿ, ಎಣ್ಣೆ ನಿಧಾನಕ್ಕೆ ಕಮಟಾಗುತ್ತದೆ. ಪಾಲಿಶ್ ಮಾಡಿದರೆ ತೌಡೇ ಹೋಗುವುದರಿಂದ ಅಕ್ಕಿ ಬೆಳ್ಳಗಾಗುತ್ತದೆ, ಅಂಗಡಿಯಲ್ಲಿ ಜಾಸ್ತಿ ದಿನ ಕೂರುತ್ತದೆ. ಆರು ತಿಂಗಳ ಬಾಳಿಕೆಯ ಗುಟ್ಟು ಅಷ್ಟೇ. ನಾವು ಇನ್ನು ಮೇಲೆ ಕಾಳನ್ನು ಹೊಟ್ಟಿನ ಸಮೇತ ಗೋದಾಮಿನಲ್ಲಿ ಇಟ್ಟುಕೊಂಡು, ಎರಡು ತಿಂಗಳಿಗೊಮ್ಮೆ ಬೇಕಾದಷ್ಟು ಮಾತ್ರ ಮಿಲ್ ಮಾಡುತ್ತೇವೆ. ಪಾಲಿಶ್ ಇರುವುದಿಲ್ಲ. ಹಾಗಾಗಿ ಅಕ್ಕಿ ಸ್ವಲ್ಪ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಪ್ಯಾಕೆಟ್ ಮೇಲೆ ಮಿಲ್ ಮಾಡಿದ ದಿನಾಂಕವನ್ನೇ ಹಾಕುತ್ತೇವೆ, ಚೀಲಕ್ಕೆ ತುಂಬಿದ ದಿನಾಂಕವನ್ನಲ್ಲ. ಪ್ಯಾಕೆಟ್ ಒಡೆದಾಗ ಹಳೇ ಎಣ್ಣೆಯ ಕಮಟು ಮೂಗಿಗೆ ಬಡಿದರೆ ತೊಳೆದು ಬೇಯಿಸಲು ಹೋಗಬೇಡಿ, ವಾಪಸ್ ಕಳಿಸಿ.

ಇನ್ನೊಂದು ವ್ಯತ್ಯಾಸವೂ ಕಣ್ಣಿಗೆ ಬೀಳುತ್ತದೆ. ಹೊಟ್ಟು ಬಿಡಿಸುವ ನಮ್ಮ ಹಲ್ಲರ್ ಕಾಳನ್ನು ಉಜ್ಜುವುದಿಲ್ಲ. ವೇಗವಾಗಿ ತಿರುಗುತ್ತಾ ಕಾಳನ್ನು ಗೋಡೆಗೆ ಎಸೆಯುತ್ತದೆ, ಆ ಪೆಟ್ಟಿಗೆ ಹೊಟ್ಟು ಬಿರಿಯುತ್ತದೆ. ತೌಡು ಉಳಿಯುತ್ತದೆ, ಆದರೆ ಅಲ್ಲೊಂದು ಇಲ್ಲೊಂದು ಕಾಳು ಹೊಟ್ಟು ಬಿಡದೆ ಉಳಿದುಬಿಡುತ್ತದೆ. ಹೊಳೆಯುವ ಕಾಳು ಕಂಡರೆ ಅದೇ. ಅದನ್ನೂ ಬಿಡಿಸಲೇಬೇಕು ಅಂತ ಎಲ್ಲವನ್ನೂ ಮತ್ತೆ ಮತ್ತೆ ಯಂತ್ರಕ್ಕೆ ಹಾಕಿದರೆ ಒಳ್ಳೆಯ ಅಕ್ಕಿಯೂ ನುಚ್ಚಾಗುತ್ತದೆ. ಅಕ್ಕಿಗೆ ಜಾಸ್ತಿ ನೀರು ಹಾಕಿ ಕೈಯಾಡಿಸಿ, ಹೊಟ್ಟಿನ ಕಾಳು ಹೆಚ್ಚಿನಂಶ ಮೇಲೆ ತೇಲುತ್ತದೆ, ಬಸಿದುಬಿಡಿ. ಬೇಯಿಸುವ ಮುಂಚೆ ಒಂದೆರಡು ಗಂಟೆ ನೆನೆಸಿದರೆ ಅನ್ನ ಮೆತ್ತಗಾಗುತ್ತದೆ.

ಇನ್ನು ಕಾಳು ಕೊಳ್ಳುವ ವಿಷಯ. ನಮ್ಮ ಯೋಜನೆ ನಿಲ್ಲುವುದೂ ಬೀಳುವುದೂ ಇದರ ಮೇಲೆಯೇ.

ನಮ್ಮ ಕಡೆ ಮಳೆ ಸರಿಯಾಗಿ ಆದರೆ ಅಕ್ಟೋಬರ್, ನವೆಂಬರ್ ಹೊತ್ತಿಗೆ ಸಾಮೆ ಕೊಯ್ಲು. ಹಿಂಗಾರು ಮಳೆ ಬರುವುದೂ ಅದೇ ಹೊತ್ತಿಗೆ. ತೆನೆ ನೆನೆದು, ಸರಿಯಾಗಿ ಒಣಗದೆ ಬಡಿದ ಕಾಳು ಒಳಗೇ ತೇವ ಹಿಡಿದಿರುತ್ತದೆ. ಅಂಥದ್ದು ಹಲ್ಲರ್‌ನಲ್ಲಿ ಹೊಟ್ಟು ಬಿಡುವುದಿಲ್ಲ, ಚೀಲದಲ್ಲಿಟ್ಟರೆ ಬಿಸಿಯಾಗಿ ಬೂಸ್ಟು ಹಿಡಿಯುತ್ತದೆ. ತೀರಾ ಒಣಗಿದ್ದು ಪೆಟ್ಟಿಗೆ ಪುಡಿಯಾಗುತ್ತದೆ. ನಮಗೆ ಬೇಕಾದದ್ದು ಶೇ. 10ರಿಂದ 12ರ ತೇವಾಂಶ. ಕಾಳು ತಂದ ಹಿರಿಯರೊಬ್ಬರು ನಾವು ಮೀಟರ್ ತೆಗೆಯುವ ಮೊದಲೇ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ‘ಕಟ್ ಅಂತದೆ ಕಣಪ್ಪ, ಮೀಟ್ರು ಯಾಕೆ’ ಅಂದರು. ಮೀಟರ್ 11.8 ತೋರಿಸಿತು. ಆದರೂ ಮೀಟರ್ ಇಡುತ್ತೇವೆ, ರೈತರ ಕಣ್ಣೆದುರಿಗೇ. ಯಾಕೆಂದರೆ ದುಡ್ಡಿನ ಲೆಕ್ಕ ಅದರಿಂದಲೇ ಶುರುವಾಗುತ್ತದೆ. ಶೇ. 14 ತೇವ ಇರುವ 100 ಕೆಜಿ ಕಾಳಿನಲ್ಲಿ ಒಣ ಪದಾರ್ಥ 86 ಕೆಜಿ. ಅದನ್ನು ಶೇ. 12ರ ಲೆಕ್ಕಕ್ಕೆ ತಂದರೆ 97.7 ಕೆಜಿ ಆಗುತ್ತದೆ, ಅಷ್ಟಕ್ಕೆ ಹಣ ಕೊಡುತ್ತೇವೆ. ಹಳ್ಳಿ ವ್ಯಾಪಾರಿ ಹೀಗೆ ಅಳೆಯುವುದಿಲ್ಲ. ಕೈಯಲ್ಲಿ ಹಿಡಿದು ‘ಹಸಿ ಇದೆ’ ಅಂತ ಕ್ವಿಂಟಲಿಗೆ ಐದು ಕೆಜಿ ಕಳೆದುಬಿಟ್ಟರೆ ಕೇಳುವವರಿಲ್ಲ. ಶೇ. 14ಕ್ಕಿಂತ ಜಾಸ್ತಿ ಇದ್ದರೆ ನಾವು ಕೊಳ್ಳುವುದಿಲ್ಲ, ಒಣಗಿಸಿ ತನ್ನಿ ಅನ್ನುತ್ತೇವೆ. ಒಣಗಿಸಲು ನಮ್ಮ ಅಂಗಳ ಮತ್ತು ಟಾರ್ಪಾಲು ಇವೆ, ಅದಕ್ಕೆ ಬಾಡಿಗೆ ಇಲ್ಲ.

ಟಾರ್ಪಾಲಿನ ಮಾತು ಬಂತು, ಕಲ್ಲಿನ ವಿಷಯವೂ ಹೇಳಿಬಿಡುತ್ತೇನೆ. ನಿಮ್ಮಿಂದ ನಮಗೆ ಬರುವ ದೂರುಗಳಲ್ಲಿ ಹೆಚ್ಚಿನವು ಅದೇ ಅಲ್ವಾ? ಕಲ್ಲು ಬೇರ್ಪಡಿಸುವ ಯಂತ್ರ ನೋಡುವುದು ಗಾತ್ರವನ್ನಲ್ಲ, ತೂಕವನ್ನು. ಕಾಳಿನಷ್ಟೇ ಸಣ್ಣದಾದ ಮರಳೂ ಭಾರ ಜಾಸ್ತಿ ಇರುವುದರಿಂದ ಬೇರೆಯಾಗುತ್ತದೆ. ತಪ್ಪಿಸಿಕೊಳ್ಳುವುದು ಸಣ್ಣ ಮಣ್ಣಿನ ಉಂಡೆ. ಕಲ್ಲಿಗಿಂತ ಹಗುರ, ಹೆಚ್ಚುಕಡಿಮೆ ಕಾಳಿನದೇ ತೂಕ. ಮುಂದೆ ಹಲ್ಲರ್‌ನಲ್ಲಿ ಅದು ಪುಡಿಯಾಗಿ ಅಕ್ಕಿಗೆ ಅಂಟುತ್ತದೆ, ಅನ್ನ ಕರಕರ ಅನ್ನುತ್ತದೆ. ಇದಕ್ಕೆ ಯಂತ್ರದಲ್ಲಿ ಮದ್ದಿಲ್ಲ, ಕಣದಲ್ಲೇ ಇದೆ. ಮಣ್ಣಿನ ಕಣ, ರಸ್ತೆ ಬಿಟ್ಟು ಟಾರ್ಪಾಲಿನ ಮೇಲೆ ಬಡಿದ ಕಾಳಿಗೆ ಕ್ವಿಂಟಲಿಗೆ 150 ರೂಪಾಯಿ ಜಾಸ್ತಿ ಕೊಡುತ್ತೇವೆ. ಕೆಳಗಿನ 4,200 ರೂಪಾಯಿಯಲ್ಲಿ ಅದೂ ಸೇರಿದೆ.

ಈಗ ಒಂದು ಕ್ವಿಂಟಲ್ ಕಾಳಿನ ಕಥೆ. ರೈತರಿಗೆ 4,200 ರೂಪಾಯಿ. ಗೋಣಿ, ಹಮಾಲಿ, ಸಾಗಣೆಗೆ 180. ಗೋದಾಮು ಮತ್ತು ಅಲ್ಲಿ ಆಗುವ ಸವಕಳಿಗೆ 120. ಕರೆಂಟು ಮತ್ತು ಕೂಲಿ ಸೇರಿ ಮಿಲ್ಲಿಂಗ್‌ಗೆ 700, ಪ್ಯಾಕಿಂಗ್‌ಗೆ 500. ಕಾಳು ಗೋದಾಮಿನಲ್ಲಿ ಕೂತಿರುವಷ್ಟು ದಿನ ಓಡುವ ಬಡ್ಡಿ 200. ಒಟ್ಟು 5,900. ಆ ನೂರು ಕೆಜಿಯಲ್ಲಿ ಕಸ, ಜೊಳ್ಳು, ಮಣ್ಣು ಹೋಗಿ ಉಳಿಯುವುದು 94. ಹಲ್ಲರ್ ದಾಟಿ ಬರುವ ಅಕ್ಕಿ 62 ಕೆಜಿ, ನುಚ್ಚು 3 ಕೆಜಿ, ಉಳಿದದ್ದು ಹೊಟ್ಟು, ಹುಡಿ. ನುಚ್ಚು ಮತ್ತು ಹುಡಿ ಮಾರಿದರೆ 250 ರೂಪಾಯಿ ಹುಟ್ಟುತ್ತದೆ. ಅದನ್ನು ಕಳೆದು 62ರಿಂದ ಭಾಗಿಸಿದರೆ ಅಕ್ಕಿ ಕೆಜಿಗೆ 91 ರೂಪಾಯಿ ಬೀಳುತ್ತದೆ. ಯಂತ್ರದ ಸಾಲದ ಕಂತು ಮತ್ತು ರಿಪೇರಿಗೆ 12, ಕೈಕೊಡುವ ವರ್ಷಕ್ಕೆ ಅಂತ ಎತ್ತಿಡಲು 7. ಹೀಗೆ 110 ಆಯಿತು. ಕೊರಿಯರ್ ಖರ್ಚು ಮೊದಲಿನಂತೆ ಬೇರೆ.

ಇದರಲ್ಲಿ ಕಡಿಮೆ ಮಾಡಲು ಆಗುವ ಬಾಬತ್ತು ಯಾವುದು ಅಂತ ನಾವೂ ತಲೆ ಕೆಡಿಸಿಕೊಂಡೆವು. ಪಾಲಿಶ್ ಅಕ್ಕಿಗೆ ತೌಡಿನಲ್ಲೂ ತೂಕ ಹೋಗುತ್ತದೆ, ನಮ್ಮದರಲ್ಲಿ ಆ ನಷ್ಟ ಇಲ್ಲ. ಆದರೆ ದೊಡ್ಡ ಮಿಲ್ಲಿನ ಮಿಲ್ಲಿಂಗ್ ಖರ್ಚಿಗೆ ನಾವು ಸಾಟಿಯಾಗಲಾರೆವು. ಹಾಗಂತ ರೈತರ ದರಕ್ಕೆ ಕೈ ಹಾಕುವ ಹಾಗಿಲ್ಲ. ಜೋಳ, ಸಜ್ಜೆ, ರಾಗಿಗೆ ಕೇಂದ್ರದ ಬೆಂಬಲ ಬೆಲೆ ಇದೆ, ಸಾಮೆಗೆ ಇಲ್ಲ. ರಾಜ್ಯದ ‘ರೈತ ಸಿರಿ’ ಯೋಜನೆ 2019ರಿಂದ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ತಂದದ್ದು ಬಿತ್ತನೆಗೆ ಆಸರೆಯಾಯಿತು, ಆದರೆ ಕೊಯ್ಲಾದ ಮೇಲಿನ ದರವನ್ನು ಅದು ಕಾಯುವುದಿಲ್ಲ. ದರ ಇಳಿದರೆ ಮುಂದಿನ ವರ್ಷ ಅದೇ ಹೊಲದಲ್ಲಿ ಮೆಕ್ಕೆಜೋಳ ನಿಲ್ಲುತ್ತದೆ. ಮೆಕ್ಕೆಜೋಳ ಹಾಕಿದವರನ್ನು ನಾವು ದೂರುವುದೂ ಇಲ್ಲ.

ಮುಂಗಡ ಯಾಕೆ ಅಂದರೆ, ಇಡೀ ವರ್ಷದ ಕಾಳನ್ನು ಆರೇಳು ವಾರದಲ್ಲಿ ಕೊಂಡು ಮುಗಿಸಬೇಕು. ನೀವೆಲ್ಲ ಸೇರಿ ವರ್ಷಕ್ಕೆ ಕೊಳ್ಳುವ ಅಕ್ಕಿ ಸುಮಾರು 12 ಟನ್. ಅದಕ್ಕೆ 195 ಕ್ವಿಂಟಲ್ ಕಾಳು, ಅಂದರೆ 8 ಲಕ್ಷದ 19 ಸಾವಿರ ರೂಪಾಯಿ. ರೈತರಿಗೆ ಸುಗ್ಗಿಯಲ್ಲಿ ಕೈಯಲ್ಲಿ ಕಾಸು ಬೇಕು. ಗೊಬ್ಬರದಂಗಡಿ ಸಾಲ, ಮಕ್ಕಳ ಫೀಸು ಎಲ್ಲ ಆಗಲೇ. ‘ತಿಂಗಳು ಬಿಟ್ಟು ಕೊಡ್ತೀವಿ’ ಅಂದರೆ ಕಡಿಮೆ ದರವಾದರೂ ಸರಿ, ಹೊಲಕ್ಕೇ ಬಂದು ಎಣಿಸಿಕೊಡುವ ವ್ಯಾಪಾರಿಗೇ ಹಾಕುತ್ತಾರೆ. ನಾವು ಮೂರು ದಿನದೊಳಗೆ ಖಾತೆಗೆ ಹಾಕುತ್ತೇವೆ ಅಂತ ಮಾತು ಕೊಟ್ಟಿದ್ದೇವೆ. ಯಂತ್ರಕ್ಕೇನೋ ಸಣ್ಣ ಆಹಾರ ಘಟಕಗಳಿಗೆಂದು ಕೇಂದ್ರ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ. 35ರ ಸಹಾಯಧನ ಇತ್ತು. ಕಾಳು ಕೊಳ್ಳುವ ದುಡ್ಡನ್ನು ನಾವೇ ಹೊಂದಿಸಬೇಕು. ಯಂತ್ರ ಬಂದು, ಕಾಳಿಲ್ಲದೆ ಟಾರ್ಪಾಲು ಹೊದ್ದು ಕೂತ ಘಟಕಗಳನ್ನು ನೋಡಿದ್ದೇವೆ.

ನಮ್ಮ ಸದಸ್ಯರ ಷೇರು ಹಣ 3 ಲಕ್ಷ ಇದೆ. ಗೋದಾಮಿನ ದಾಸ್ತಾನಿನ ಮೇಲೆ ಬ್ಯಾಂಕಿನಿಂದ 3 ಲಕ್ಷ ಸಿಗುತ್ತದೆ. ಉಳಿದದ್ದು ಸುಮಾರು 2 ಲಕ್ಷ 20 ಸಾವಿರ. 150 ಮನೆಯವರು ತಿಂಗಳಿಗೆ 2 ಕೆಜಿಯಂತೆ ವರ್ಷಕ್ಕೆ 24 ಕೆಜಿ ಗೊತ್ತುಮಾಡಿಕೊಂಡರೆ ಅದರಲ್ಲಿ ಹೆಚ್ಚಿನ ಪಾಲು ತುಂಬುತ್ತದೆ. ಮುಂಗಡ ಕೊಟ್ಟವರಿಗೆ ದರ ಕೆಜಿಗೆ 107 ರೂಪಾಯಿ. ಆ 3 ರೂಪಾಯಿ ನಮಗೆ ಉಳಿಯುವ ಬಡ್ಡಿ, ರಿಯಾಯಿತಿ ಅಂತ ಹೇಳಿಕೊಳ್ಳುವುದಿಲ್ಲ. 24 ಕೆಜಿಗೆ 2,568 ರೂಪಾಯಿ, ಅದರಲ್ಲಿ ಅರ್ಧ 1,284 ಈಗ. ಉಳಿದದ್ದನ್ನು ಎರಡು ತಿಂಗಳಿಗೊಮ್ಮೆ 4 ಕೆಜಿ ಬರುವಾಗ 214 ರೂಪಾಯಿಯಂತೆ ಆರು ಕಂತಿನಲ್ಲಿ ಕೊಡಬಹುದು.

ಬೆಳೆ ಕೈಕೊಟ್ಟರೆ? 2023ರಂಥ ಬರ ಮತ್ತೆ ಬಂದರೆ ಇಲ್ಲಿ 195 ಕ್ವಿಂಟಲ್ ಸಿಗುವುದಿಲ್ಲ. ಆಗ ಸಿಕ್ಕ ಕಾಳಿನಲ್ಲಿ ಮುಂಗಡ ಕೊಟ್ಟವರಿಗೆ ಮೊದಲು. ಅದೂ ಸಾಲದಿದ್ದರೆ, ಡಿಸೆಂಬರ್ 15ರೊಳಗೆ ಎಷ್ಟು ಕೆಜಿ ಕಡಿಮೆ ಬೀಳುತ್ತದೆ ಅಂತ ತಿಳಿಸಿ ಅಷ್ಟರ ಹಣ ವಾಪಸ್ ಮಾಡುತ್ತೇವೆ. ಹೊರಗಿನ ಅಕ್ಕಿ ತಂದು ಇದೇ ಚೀಟಿ ಅಂಟಿಸಿ ಕಳಿಸುವುದಿಲ್ಲ. ನವಣೆ ಸಾಕು ಅನ್ನುವವರಿಗೆ ನವಣೆ ಕೊಡಬಹುದು, ನಿಮ್ಮನ್ನು ಕೇಳಿಯೇ.

ಮುಂಗಡ ಕಡ್ಡಾಯ ಅಲ್ಲ. ಈಗಿನಂತೆ ಬೇಕಾದಾಗ ಒಂದೆರಡು ಕೆಜಿ ತರಿಸಿಕೊಳ್ಳಬಹುದು, ದರ 110. ಮಿಲ್ ಮಾಡಿದ್ದು ಮುಗಿದಿದ್ದರೆ ಮುಂದಿನ ಸಲದವರೆಗೆ ಕಾಯಬೇಕಾಗಬಹುದು ಅಷ್ಟೇ. ಹಳೆಯ ಬಿಳಿ ಅಕ್ಕಿಯ ದಾಸ್ತಾನು ಇರುವವರೆಗೆ 95ರ ದರದಲ್ಲೇ ಸಿಗುತ್ತದೆ, ಮುಗಿದ ಮೇಲೆ ಮತ್ತೆ ತರಿಸುವುದಿಲ್ಲ.

ಮುಂಗಡ ಕೊಡುವವರು ಅಕ್ಟೋಬರ್ 10ರೊಳಗೆ ತಿಳಿಸಿ. ನೀವು ಈಗ ಆರ್ಡರ್ ಮಾಡುವ ನಂಬರಿಗೇ ‘ಸಾಮೆ 24’ ಅಂತ ಮೆಸೇಜ್ ಹಾಕಿದರೆ ಸಾಕು. ಸಣ್ಣ ಸಂಸಾರದವರು ‘ಸಾಮೆ 12’ ಅಂತಲೂ ಹಾಕಬಹುದು, ಲೆಕ್ಕ ಎಲ್ಲಾ ಅರ್ಧ. ರಸೀದಿ ಅದೇ ದಿನ ಬರುತ್ತದೆ. ಮೊದಲ 4 ಕೆಜಿ ಡಿಸೆಂಬರ್ ಕೊನೆಯ ವಾರದಲ್ಲಿ ಹೊರಡುತ್ತದೆ.

ಇಂತಿ,
ಕಾರ್ಯದರ್ಶಿ, ಸಿರಿಧಾನ್ಯ ಘಟಕದ ಸದಸ್ಯರೆಲ್ಲರ ಪರವಾಗಿ