ಶಾಲೆಯ ಜಾಲತಾಣಕ್ಕೆ ಸುತ್ತೋಲೆ ಕಳುಹಿಸುವ ಕುರಿತು

ಎಲ್ಲ ಶಿಕ್ಷಕರಿಗೂ ಕಚೇರಿ ಸಿಬ್ಬಂದಿಗೂ ನಮಸ್ಕಾರಗಳು.

ಕೊಪ್ಪಳದ ನಮ್ಮ ಶಾಲೆಯ ಹೊಸ ಜಾಲತಾಣಕ್ಕೆ ಸುತ್ತೋಲೆ, ಶುಲ್ಕದ ವಿವರ ಮತ್ತು ಪ್ರವೇಶ ಅರ್ಜಿಗಳನ್ನು ಇದೇ ಶನಿವಾರದೊಳಗೆ ಸೇರಿಸಬೇಕಾಗಿದೆ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೆಯೇ ಅಂಟಿಸಿದರೆ, ಆ ಫಾಂಟ್ ಇಲ್ಲದ ಪಾಲಕರ ಮೊಬೈಲಿನಲ್ಲಿ ‘ಶಾಲೆ’ ಎಂಬುದು ‘±Á¯É’ ಎಂದು ಕಾಣುತ್ತದೆ. ಆದ್ದರಿಂದ ನುಡಿಯಲ್ಲಿರುವ ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಹಾಗೂ ಅರ್ಕಾವತ್ತುಗಳನ್ನು ಮೂಲದೊಂದಿಗೆ ತಾಳೆ ನೋಡಿ, ನಿಮ್ಮ ಮೊಬೈಲಿನಲ್ಲಿ ಒಮ್ಮೆ ತೆರೆದು ಓದಿದ ಮೇಲೆಯೇ ಕಳುಹಿಸಬೇಕೆಂದು ಕೋರುತ್ತೇನೆ.

ಶುಲ್ಕದ ಪಟ್ಟಿಯನ್ನು ಫೋಟೊ ತೆಗೆದು ಕಳುಹಿಸಬೇಡಿ. ಚಿತ್ರದೊಳಗಿನ ಅಕ್ಷರಗಳು ಹುಡುಕಿದರೆ ಸಿಗುವುದಿಲ್ಲ, ದೃಷ್ಟಿದೋಷವುಳ್ಳ ಪಾಲಕರಿಗೆ ಫೋನು ಅದನ್ನು ಓದಿ ಹೇಳುವುದೂ ಕಷ್ಟ. ಕಾರ್ಯಕ್ರಮಗಳ ಚಿತ್ರಗಳನ್ನು ಪಾಲಕರ ಒಪ್ಪಿಗೆ ಪಡೆದ ನಂತರ ಹಾಕೋಣ.

ಪರಿವರ್ತನೆಯಲ್ಲಿ ತೊಡಕಾದವರು ದಯವಿಟ್ಟು ಇಲ್ಲಿಯೇ ತಿಳಿಸಿರಿ.